ಅಧಿಕಾರ–ಜ್ಞಾನ ಮತ್ತು ವಂಶಾವಳಿ: ಹಾಸನದ ಎಂ.ಎ. ಸೆಮಿನಾರಿನಲ್ಲಿ ಓದಿದ ಮಾತು

ಮೇಡಂ, ಗೆಳೆಯರೇ, ನಮಸ್ಕಾರ.

ಫ್ರೆಂಚ್ ಚಿಂತಕ ಮಿಶೆಲ್ ಫೂಕೋ ಹೆಸರು ಸಿಲಬಸ್ಸಿನಲ್ಲಿ ಪೋಸ್ಟ್‌ಮಾಡರ್ನಿಸಂ ಕೆಳಗೆ ಬರುತ್ತದೆ. ಅವರೇನೂ ಆ ಹಣೆಪಟ್ಟಿ ಹಚ್ಚಿಕೊಂಡವರಲ್ಲ, ಇರಲಿ.

ಅವರ ಎರಡು ಪರಿಕಲ್ಪನೆಗಳ ಬಗ್ಗೆ ಮಾತಾಡುತ್ತೇನೆ. ಮೊದಲು ಅಧಿಕಾರ–ಜ್ಞಾನ. 'ಓದಿದವನ ಕೈಯಲ್ಲಿ ಅಧಿಕಾರ' ಅಂತ ಸುಮ್ನೆ ಅರ್ಥ ಮಾಡಿಕೊಂಡರೆ ತಪ್ಪು. ಅಧಿಕಾರವೇ ಜ್ಞಾನ ಅಂದರೂ ತಪ್ಪೇ. ಎರಡೂ ಒಂದೇ ಆಗಿದ್ದರೆ ಅವುಗಳ ಸಂಬಂಧ ಹುಡುಕುವ ಕೆಲಸವೇ ಇರುತ್ತಿರಲಿಲ್ಲ, ಅಲ್ವಾ? ಸಕಲೇಶಪುರದ ಕಡೆ ಕಾಫಿ ತೋಟ ನೋಡಿ. ಬೆಳಿಗ್ಗೆ ರೈಟರ್ ಚೆಕ್‌ರೋಲ್ ಹಿಡಿದು ನಿಲ್ಲುತ್ತಾರೆ. ಯಾರು ಬಂದರು, ಯಾರು ಎಷ್ಟು ಕೆಜಿ ಹಣ್ಣು ಕುಯ್ದರು, ಎಲ್ಲ ಬರೆದುಕೊಳ್ಳುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಒಬ್ಬರು 'ಒಳ್ಳೆ ಆಳು', ಇನ್ನೊಬ್ಬರು 'ಸೋಮಾರಿ'. ಜ್ವರ ಬಂದು ಮಲಗಿದ್ದಕ್ಕೆ ಅಲ್ಲಿ ಕಾಲಂ ಇಲ್ಲ. ಮೇಲೆ ನಿಂತು ನೋಡುವ ಅಧಿಕಾರ ಇದ್ದದ್ದರಿಂದ ಈ ತಿಳಿವಳಿಕೆ ಹುಟ್ಟಿತು. ಹುಟ್ಟಿದ ಮೇಲೆ ಅದೇ ಅಧಿಕಾರಕ್ಕೆ ಬಲ ಕೊಟ್ಟಿತು. 1975ರಲ್ಲಿ ಜೈಲಿನ ಬಗ್ಗೆ ಬರೆದ ಪುಸ್ತಕದಲ್ಲಿ ಫೂಕೋ ಇದನ್ನೇ ಸೈನ್ಯ, ಶಾಲೆ, ಆಸ್ಪತ್ರೆಗಳಲ್ಲಿ ತೋರಿಸುತ್ತಾರೆ.

ಇನ್ನು ಜೀನಿಯಾಲಜಿ, ಅಂದರೆ ವಂಶಾವಳಿ. ನೀತಿಯ ವಂಶಾವಳಿಯನ್ನು 1887ರಲ್ಲಿ ಬರೆದ ಜರ್ಮನ್ ತತ್ವಜ್ಞಾನಿ ನೀತ್ಶೆಯಿಂದ ಫೂಕೋ ಪಡೆದ ದಾರಿ ಇದು. ಮೂಲಪುರುಷನನ್ನು ಹುಡುಕುವುದಲ್ಲ. ಇವತ್ತು ಸಹಜ ಅನಿಸುವುದು ಯಾವ್ಯಾವ ಚೂರುಗಳು ಸೇರಿ ಆಯಿತು ಅಂತ ಬಿಡಿಸಿ ನೋಡುವುದು.

ಇಡೀ ಸಮುದಾಯಗಳನ್ನೇ ಅಪರಾಧಿಗಳು ಅಂತ ಪಟ್ಟಿ ಮಾಡಿದ ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನೇ ತೆಗೆದುಕೊಳ್ಳಿ. 'ಹುಟ್ಟಿನಿಂದಲೇ ಕಳ್ಳರು' ಅನ್ನುವ ಮಾತು ಎಲ್ಲಿಂದ ಬಂತು? ಕೊರಚರು, ಲಂಬಾಣಿಗಳು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ತಿರುಗುತ್ತಿದ್ದರು. ರೈಲು ಬಂತು, ಆ ವ್ಯಾಪಾರ ಬಿತ್ತು. ಉಪ್ಪಿನ ತೆರಿಗೆ ಬೇರೆ. ಕಾಡಿಗೆ ಕಾನೂನು ಬಂತು. ಒಂದು ಕಡೆ ನಿಲ್ಲದ ಜನರ ಮೇಲೆ ಇಂಗ್ಲಿಷರಿಗೆ ಮೊದಲೇ ಅನುಮಾನ. ಜೊತೆಗೆ, ಕಸುಬು ಜಾತಿಯಿಂದ ಬರುತ್ತದೆ ಅಂದಮೇಲೆ ಕಳ್ಳತನವೂ ಹಾಗೇ ಬರುತ್ತದೆ ಅನ್ನುವ ಅಧಿಕಾರಿಗಳ ವಾದ. ಯಾರೋ ಒಬ್ಬರು ಕೂತು ಹೂಡಿದ ಸಂಚಲ್ಲ ಇದು. ಆಮೇಲೆ ರಿಜಿಸ್ಟರ್, ಪಾಸು, ಪೊಲೀಸರ ಮುಂದೆ ಹಾಜರಿ. ಹಾಜರಿ ತಪ್ಪಿದರೆ ಕೇಸು. ಕೇಸು ಜಾಸ್ತಿ ಆದಷ್ಟೂ 'ನೋಡಿ, ಇವರು ಕಳ್ಳರೇ' ಅನ್ನುವುದಕ್ಕೆ ಸಾಕ್ಷಿ. ಕಾಯ್ದೆ 1952ರಲ್ಲಿ ಹೋಯಿತು. ಅನುಮಾನ ಹೋಯಿತಾ?

ಈ ಉದಾಹರಣೆ ಫೂಕೋದಲ್ಲಿ ಸಿಗುವುದಿಲ್ಲ. ವಸಾಹತುಗಳ ಬಗ್ಗೆ ಅವರು ಬರೆದದ್ದು ತೀರಾ ಕಡಿಮೆ. ಆ ಕೆಲಸಕ್ಕೆ 1978ರಲ್ಲಿ 'ಓರಿಯಂಟಲಿಸಂ' ಬರೆದ ಎಡ್ವರ್ಡ್ ಸೈದ್ ಬರಬೇಕಾಯಿತು.

ನನ್ನದೊಂದು ತಕರಾರೂ ಇದೆ. ಹೀಗೆ ಆಯಿತು ಅಂತ ವಂಶಾವಳಿ ಚೆನ್ನಾಗಿ ತೋರಿಸುತ್ತದೆ. ಇದು ಅನ್ಯಾಯ ಅನ್ನಲು ಬೇಕಾದ ಅಳತೆಗೋಲು ಅದರ ಹತ್ತಿರ ಇಲ್ಲ. ಅದಕ್ಕೆ ನಾನಂತೂ ಅಂಬೇಡ್ಕರ್ ಹತ್ತಿರ ಹೋಗುತ್ತೇನೆ. ಒಪ್ಪದವರು ಈಗ ಕೇಳಬಹುದು.