ತೊಗರಿ ಯೂರಿಯೇಸ್ ಪ್ರಯೋಗದ ವರದಿ: ಬಫರ್ ಹೇಗೆ ಕೆಲಸ ಮಾಡುತ್ತದೆ, ಟ್ರಿಸ್ ಏಕೆ

ಕಲಬುರಗಿ ಮಾರುಕಟ್ಟೆಯಲ್ಲಿ ಕೊಂಡ ಇಡೀ ತೊಗರಿ ಕಾಳಿನಿಂದ ಯೂರಿಯೇಸ್ ಕಿಣ್ವ ತೆಗೆದು, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಕೆಎಂ, ಅಂದರೆ ಕ್ರಿಯೆಯ ವೇಗ ಗರಿಷ್ಠದ ಅರ್ಧ ಮುಟ್ಟುವ ಯೂರಿಯಾ ಸಾಂದ್ರತೆ, ಅಳೆದೆವು. ಬಳಸಿದ ಬಫರ್ 50 ಮಿಲಿಮೋಲಾರ್ ಟ್ರಿಸ್-ಎಚ್‌ಸಿಎಲ್, ಪಿಎಚ್ 7.3.

ಈ ಕಿಣ್ವಕ್ಕೆ ಬಫರ್ ಬೇಕೇ ಬೇಕು. ಯೂರಿಯಾದ ಒಂದು ಅಣು ಒಡೆದರೆ ಎರಡು ಅಮೋನಿಯಾ, ಒಂದು ಇಂಗಾಲದ ಡೈಆಕ್ಸೈಡ್ ಬರುತ್ತವೆ. ಅಮೋನಿಯಾ ಪ್ರೋಟಾನ್ ಹಿಡಿದುಕೊಳ್ಳುತ್ತದೆ, ಪಿಎಚ್ ಏರುತ್ತದೆ. ಬಫರ್ ಇಲ್ಲದಿದ್ದರೆ ಕಿಣ್ವ ತನಗೆ ಒಗ್ಗುವ ಪಿಎಚ್ ಅನ್ನು ತಾನೇ ಕೆಡಿಸಿಕೊಳ್ಳುತ್ತದೆ. ಆಗ ವೇಗ ಕಡಿಮೆಯಾದದ್ದು ಯೂರಿಯಾ ಮುಗಿದದ್ದಕ್ಕೋ, ಪಿಎಚ್ ಬದಲಾದದ್ದಕ್ಕೋ ಎಂದು ಹೇಳಲಾಗದು.

ಬಫರಿನಲ್ಲಿ ದುರ್ಬಲ ಆಮ್ಲ ಮತ್ತು ಅದರ ಜೋಡಿ ಪ್ರತ್ಯಾಮ್ಲ ಎರಡೂ ಇರುತ್ತವೆ. ಇಲ್ಲಿ ಅಮೋನಿಯಾಕ್ಕೆ ಪ್ರೋಟಾನ್ ಕೊಡುವುದು ಆಮ್ಲ ರೂಪ:

TrisH⁺ + NH₃ → Tris + NH₄⁺

ಪಿಎಚ್ ಎಷ್ಟೆಂಬುದು ಎರಡು ರೂಪಗಳ ಅನುಪಾತದ ಮೇಲೆ ನಿಂತಿದೆ:

pH = pKa + log([Tris]/[TrisH⁺])

ಟ್ರಿಸ್‌ನ ಪಿಕೆಎ, ಅಂದರೆ ಎರಡು ರೂಪಗಳೂ ಸಮನಾಗಿರುವ ಪಿಎಚ್, 25 ಡಿಗ್ರಿಯಲ್ಲಿ 8.06. ಒಂದು ಡಿಗ್ರಿ ಏರಿದರೆ ಸುಮಾರು 0.028 ಇಳಿಯುತ್ತದೆ. ಹಾಗಾಗಿ 37 ಡಿಗ್ರಿಯಲ್ಲಿ ಅದು 7.72ರ ಆಸುಪಾಸು. ನಮ್ಮ 7.3 ಅದಕ್ಕಿಂತ 0.42 ಕೆಳಗೆ. ಇದು ಕೊರತೆಯಂತೆ ಕಾಣಬಹುದು, ಆದರೆ ನಮಗೆ ಅನುಕೂಲವೇ: 36.2 ಮಿಲಿಮೋಲಾರ್ ಆಮ್ಲ ರೂಪದಲ್ಲಿದೆ, 13.8 ಮಾತ್ರ ಪ್ರತ್ಯಾಮ್ಲ ರೂಪದಲ್ಲಿ. ಕ್ರಿಯೆ ತಳ್ಳುವುದು ಪಿಎಚ್ ಏರುವ ದಿಕ್ಕಿಗೆ, ಅದನ್ನು ತಡೆಯುವ ರೂಪವೇ ಜಾಸ್ತಿ ಇದೆಯಲ್ವಾ? 1 ಮಿಲಿಮೋಲಾರ್ ಯೂರಿಯಾ ಒಡೆದು, 2 ಮಿಲಿಮೋಲಾರ್ ಅಮೋನಿಯಾ ಪೂರ್ತಿ ಪ್ರೋಟಾನ್ ಹಿಡಿದರೂ ಅನುಪಾತ 15.8/34.2 ಆಗುತ್ತದೆ. ಪಿಎಚ್ ಏರಿಕೆ 0.08 ಅಷ್ಟೇ. ಬೈಕಾರ್ಬೊನೇಟ್ ಆಗುವಾಗ ಪ್ರೋಟಾನ್ ಬಿಡುಗಡೆಯಾಗುವುದರಿಂದ ನಿಜವಾದ ಏರಿಕೆ ಇನ್ನೂ ಕಡಿಮೆ.

ಸಂಖ್ಯೆ ನೋಡಿದರೆ ಫಾಸ್ಫೇಟ್ ಚೆನ್ನಾಗಿತ್ತು, ಪಿಕೆಎ 7.2. ಆದರೆ ಫಾಸ್ಫೇಟ್ ಯೂರಿಯೇಸ್‌ಗೆ ಅಡ್ಡಿಯಾಗಬಲ್ಲದು, ಪಿಎಚ್ ಇಳಿದಷ್ಟೂ ಹೆಚ್ಚು. ಕೆಎಂ ಅಳೆಯುವಾಗ ಯೂರಿಯಾದ ಜಾಗಕ್ಕೆ ಪೈಪೋಟಿ ಮಾಡುವ ವಸ್ತುವನ್ನು ನಾವೇ ಸುರಿಯುವುದು ಸರಿಯಲ್ಲ. ಹೆಪೆಸ್ ಪಿಕೆಎ 7.5ರ ಹತ್ತಿರ, ಬಿಸಿಗೆ ಅಷ್ಟು ಬದಲಾಗುವುದೂ ಇಲ್ಲ. ಅದು ನಿಜಕ್ಕೂ ಒಳ್ಳೆಯ ಪರ್ಯಾಯ, ಬೆಲೆ ಮಾತ್ರ ಜಾಸ್ತಿ.

ಟ್ರಿಸ್‌ನ ದೊಡ್ಡ ತೊಂದರೆ ಬಿಸಿ. 25 ಡಿಗ್ರಿಯಲ್ಲಿ 7.3ಕ್ಕೆ ಹೊಂದಿಸಿದರೆ 37ರಲ್ಲಿ ಅದು 6.96ರ ಹತ್ತಿರ ಬರುತ್ತದೆ. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ದಾಟುವುದರಿಂದ, ಎಸಿ ಇರುವ ಕೋಣೆಯಲ್ಲೂ ಇಲ್ಲದ ಕೋಣೆಯಲ್ಲೂ ಮಾಡಿದ ಬಫರ್ ಒಂದೇ ಅಲ್ಲ. ಆದ್ದರಿಂದ ಬಫರ್ ಬೀಕರನ್ನು ವಾಟರ್ ಬಾತ್‌ನಲ್ಲಿ 37 ಡಿಗ್ರಿಗೆ ತಂದ ಮೇಲೆಯೇ ಪಿಎಚ್ ಹೊಂದಿಸಿದೆವು. ಮೀಟರಿನ ತಾಪಮಾನ ಹೊಂದಾಣಿಕೆ ಎಲೆಕ್ಟ್ರೋಡಿನ ಲೆಕ್ಕ ಸರಿಮಾಡುತ್ತದೆ, ಟ್ರಿಸ್‌ನ ಪಿಕೆಎಯನ್ನು ಅಲ್ಲ.

ಅಮೋನಿಯಾವನ್ನು ನೆಸ್ಲರ್ ಬಣ್ಣದಿಂದ ಅಳೆದೆವು. ಬ್ಲ್ಯಾಂಕ್ ಮತ್ತು ಸ್ಟ್ಯಾಂಡರ್ಡ್‌ಗಳನ್ನು ಸುಮ್ನೆ ನೀರಿನಲ್ಲಿ ಮಾಡದೆ, ಇದೇ ಬಫರಿನಲ್ಲಿ ಮಾಡಿದೆವು. ಬಫರಿನಿಂದ ಬಣ್ಣದಲ್ಲಿ ಏನಾದರೂ ವ್ಯತ್ಯಾಸ ಬಂದರೆ ಎಲ್ಲ ಟ್ಯೂಬುಗಳಲ್ಲೂ ಸಮನಾಗಿ ಬರಲಿ ಎಂಬುದೇ ಕಾರಣ.