ನಿಲಯವಾಸಿಗಳಿಗೆ ತಿದ್ದಿದ ನಿಯಮಗಳ ಸೂಚನೆ

ಮಹಿಳಾ ವಸತಿ ನಿಲಯ, ಟಿಳಕವಾಡಿ, ಬೆಳಗಾವಿ
ದಿನಾಂಕ: 16 ಜೂನ್ 2025

ನಿಲಯದ ಎಲ್ಲ ವಾಸಿಗಳಿಗೆ, ಅಡುಗೆಮನೆ ಮತ್ತು ಕಾವಲಿನ ಸಿಬ್ಬಂದಿಗೆ,

ಗೇಟಿನ ಪಕ್ಕದ ಹಲಗೆಯ ಮೇಲೆ ಇದುವರೆಗೆ ಇದ್ದ ಹತ್ತೊಂಬತ್ತು ನಿಯಮಗಳ ಸೂಚನೆಯನ್ನು ಹಿಂತೆಗೆದುಕೊಳ್ಳಲಾಗಿದೆ. 1 ಜುಲೈ 2025ರಿಂದ ಈ ಸೂಚನೆ ಜಾರಿಗೆ ಬರುತ್ತದೆ. ಹಳೆಯದನ್ನು ಬರೆದವಳು ನಾನೇ. ಮೇ ತಿಂಗಳ ಸಭೆಯಲ್ಲಿ ನೀವು ಒಂದೊಂದು ನಿಯಮವನ್ನು ಓದಿ ಪ್ರಶ್ನೆ ಕೇಳಿದಾಗ, ಅದರಲ್ಲಿ ಕೆಲವು ಮಾತುಗಳಿಗೆ ಎರಡೆರಡು ಅರ್ಥವಿರುವುದು, ಕೆಲವು ವೇಳೆಗಳು ಒಂದಕ್ಕೊಂದು ಹೊಂದದಿರುವುದು ಮತ್ತು ಹೆಚ್ಚಿನ ವಾಕ್ಯಗಳು ಬೆದರಿಕೆಯಲ್ಲೇ ಮುಗಿಯುವುದು ನನಗೆ ಸ್ಪಷ್ಟವಾಯಿತು. ಇಲ್ಲಿ ಇರುವವರು ಓದುವ, ದುಡಿಯುವ ವಯಸ್ಕ ಹೆಣ್ಣುಮಕ್ಕಳು. ಅವರೊಡನೆ ಹಾಗೆ ಮಾತಾಡಬಾರದಿತ್ತು. ಏನು ಬದಲಾಯಿತು ಎಂಬುದು ಎಲ್ಲರಿಗೂ ತಿಳಿಯಲೆಂದು, ಅಗತ್ಯವಿರುವಲ್ಲಿ ಹಳೆಯ ವಾಕ್ಯವನ್ನೂ ಕೆಳಗೆ ಕೊಟ್ಟಿದ್ದೇನೆ.

ಗೇಟು ಮತ್ತು ರಾತ್ರಿಯ ಊಟ

ಹಳೆಯ ಸೂಚನೆಯಲ್ಲಿ "ರಾತ್ರಿ 8.30ಕ್ಕೆ ಗೇಟು ಮುಚ್ಚಲಾಗುವುದು, ತಡವಾಗಿ ಬಂದವರಿಗೆ ಪ್ರವೇಶವಿಲ್ಲ" ಎಂದಿತ್ತು. ಅದೇ ಹಾಳೆಯ ಕೆಳಗೆ "ಊಟ 8ರಿಂದ 9ರವರೆಗೆ" ಎಂದೂ, "8ರಿಂದ 10ರವರೆಗೆ ಎಲ್ಲರೂ ಕೋಣೆಯಲ್ಲಿ ಓದಿಕೊಂಡಿರತಕ್ಕದ್ದು" ಎಂದೂ ಇತ್ತು. ಈ ಮೂರನ್ನೂ ಒಟ್ಟಿಗೆ ಪಾಲಿಸಲು ಯಾರಿಂದಲೂ ಆಗುತ್ತಿರಲಿಲ್ಲ. ರಾತ್ರಿ 9ಕ್ಕೆ ಪಾಳಿ ಮುಗಿಸುವ ನರ್ಸ್‌ಗಳು ನಮ್ಮಲ್ಲಿ ಒಂಬತ್ತು ಮಂದಿ ಇದ್ದಾರೆ, ಅವರು ದಿನವೂ ನಿಯಮ ಮುರಿದವರಾಗಿಯೇ ಒಳಗೆ ಬರಬೇಕಾಗಿತ್ತು.

ಇನ್ನು ಮುಂದೆ ದೊಡ್ಡ ಗೇಟು ಬೆಳಿಗ್ಗೆ 5.30ಕ್ಕೆ ತೆರೆದು ರಾತ್ರಿ 9.30ಕ್ಕೆ ಮುಚ್ಚುತ್ತದೆ. ರಾತ್ರಿಯ ಊಟ 7.45ರಿಂದ 10ರವರೆಗೆ ಇರುತ್ತದೆ, ಹಾಗಾಗಿ ಗೇಟು ಮುಚ್ಚುವ ಹೊತ್ತಿಗೆ ಒಳಬಂದವರಿಗೂ ಕೈಕಾಲು ತೊಳೆದು ಉಣ್ಣಲು ಅರ್ಧ ತಾಸು ಸಿಗುತ್ತದೆ. 9.30ರ ಬಳಿಕ ಬರುವುದಾದರೆ, ನಿಮ್ಮ ಗುರುತಿನ ಚೀಟಿಯ ಹಿಂಬದಿಯಲ್ಲಿ ಅಚ್ಚಾಗಿರುವ ನಿಲಯದ ದೂರವಾಣಿಗೆ ಒಂದು ಕರೆ ಮಾಡಿ ತಿಳಿಸಬೇಕೆಂದು ಕೋರುತ್ತೇನೆ. ತಟ್ಟೆಯಲ್ಲಿ ಊಟ ಮುಚ್ಚಿಟ್ಟಿರುತ್ತದೆ. ಪಾಳಿಯ ಕೆಲಸದವರು ತಿಂಗಳ ಮೊದಲ ವಾರದಲ್ಲಿ ತಮ್ಮ ಡ್ಯೂಟಿ ಪಟ್ಟಿಯ ಒಂದು ಪ್ರತಿಯನ್ನು ಕೊಟ್ಟರೆ ಸಾಕು, ಪ್ರತಿ ರಾತ್ರಿ ಕರೆ ಮಾಡಬೇಕಾಗಿಲ್ಲ.

ಕಾವಲಿನವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು: ನಿಲಯದ ವಾಸಿಯೊಬ್ಬರು ಯಾವ ಹೊತ್ತಿನಲ್ಲಿ ಬಂದರೂ, ಕರೆ ಮಾಡಿದ್ದರೂ ಮಾಡದಿದ್ದರೂ, ಗುರುತಿನ ಚೀಟಿ ನೋಡಿ ಚಿಕ್ಕ ಬಾಗಿಲು ತೆರೆದು ಮೊದಲು ಒಳಗೆ ಕರೆದುಕೊಳ್ಳತಕ್ಕದ್ದು. ಪುಸ್ತಕದಲ್ಲಿ ಹೆಸರು ಮತ್ತು ವೇಳೆ ಬರೆಸುವುದು ಆನಂತರದ ಕೆಲಸ. ಎಲ್ಲಿಗೆ ಹೋಗಿದ್ದಿರಿ, ಯಾರೊಡನೆ ಬಂದಿರಿ ಎಂದು ಗೇಟಿನಲ್ಲಿ ನಿಲ್ಲಿಸಿ ಕೇಳಬಾರದು. ಅನಂತ ಚತುರ್ದಶಿಯ ದಿನ ನಮ್ಮ ಊರಿನ ಗಣಪತಿ ವಿಸರ್ಜನೆಯ ಮೆರವಣಿಗೆ ರಾತ್ರಿಯಿಡೀ ನಡೆಯುವುದರಿಂದ, ಈ ವರ್ಷ ಸೆಪ್ಟೆಂಬರ್ 6ರ ರಾತ್ರಿ ಚಿಕ್ಕ ಬಾಗಿಲಲ್ಲಿ ಬೆಳಗಿನವರೆಗೆ ಇಬ್ಬರು ಕಾವಲಿನವರು ಇರುತ್ತಾರೆ.

ಭೇಟಿಗೆ ಬರುವವರು

"ಹೊರಗಿನವರಿಗೆ ಪ್ರವೇಶವಿಲ್ಲ" ಎಂಬ ಎರಡು ಪದಗಳ ನಿಯಮದಿಂದ ಆದ ತಪ್ಪನ್ನು ಇಲ್ಲಿ ಹೇಳಲೇಬೇಕು. ಕಳೆದ ಜುಲೈನಲ್ಲಿ ಗೋಕಾಕದಿಂದ ಮಗಳನ್ನು ನೋಡಲು ಬಂದ ತಂದೆಯೊಬ್ಬರು ಬುತ್ತಿಯ ಗಂಟನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು, ಜಡಿಮಳೆಯಲ್ಲಿ ಗೇಟಿನ ಹೊರಗೆ ಮುಕ್ಕಾಲು ತಾಸು ನಿಂತಿದ್ದರು. ಕಾವಲಿನವರು ಹಲಗೆಯ ಮೇಲೆ ಬರೆದದ್ದನ್ನೇ ಪಾಲಿಸಿದ್ದರು, ಆದ್ದರಿಂದ ತಪ್ಪು ಅವರದಲ್ಲ. ಹೊರಗಿನವರು ಎಂದರೆ ಯಾರು, ಪ್ರವೇಶವಿಲ್ಲ ಎಂದರೆ ಎಲ್ಲಿಯವರೆಗೆ ಎಂದು ಬರೆಯದಿದ್ದದ್ದು ನನ್ನ ತಪ್ಪು. ಆ ಹಿರಿಯರ ಕ್ಷಮೆಯನ್ನು ಅಂದೇ ಕೇಳಿದ್ದೇನೆ, ಈಗ ನಿಮ್ಮೆಲ್ಲರ ಮುಂದೆಯೂ ಕೇಳುತ್ತಿದ್ದೇನೆ.

ಈಗಿನ ನಿಯಮ ಹೀಗಿದೆ. ಭೇಟಿಗೆ ಬಂದ ಯಾರೇ ಆಗಲಿ, ಗಂಡಸರಾಗಲಿ ಹೆಂಗಸರಾಗಲಿ, ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ ಗೇಟಿನ ಬಲಬದಿಯ ಭೇಟಿ ಕೋಣೆಯಲ್ಲಿ ಕುಳಿತು ಮಾತಾಡಬಹುದು. ತಂದೆತಾಯಿ ದೂರದ ಊರಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಬಂದರೂ ಅವರನ್ನು ಆ ಕೋಣೆಯಲ್ಲಿ ಕೂರಿಸಿ ನೀರು ಕೊಟ್ಟು, ಮಗಳಿಗೆ ತಿಳಿಸಬೇಕು. ಮೇಲಿನ ಮಹಡಿಗಳಿಗೆ ಮತ್ತು ಕೋಣೆಗಳಿಗೆ ಹೋಗಲು ಮಹಿಳೆಯರಿಗೆ ಹಾಗೂ ಹತ್ತು ವರ್ಷದೊಳಗಿನ ಮಕ್ಕಳಿಗೆ ಮಾತ್ರ, ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ, ಅದೇ ಕೋಣೆಯ ಇತರರು ಒಪ್ಪಿದರೆ ಅವಕಾಶವಿದೆ. ತಾಯಿ, ಅಕ್ಕ, ತಂಗಿ ರಾತ್ರಿ ಉಳಿಯಬೇಕಾದರೆ ಹಿಂದಿನ ದಿನ ತಿಳಿಸಿ ಎರಡು ರಾತ್ರಿಯವರೆಗೆ ಉಳಿಯಬಹುದು. ಅವರ ಊಟದ ಹಣವನ್ನಷ್ಟೇ ಅಡುಗೆಮನೆಯಲ್ಲಿ ಕೊಡಬೇಕು.

ವಿದ್ಯುತ್ ಉಪಕರಣಗಳು

"ಕೋಣೆಯಲ್ಲಿ ವಿದ್ಯುತ್ ಉಪಕರಣ ಬಳಸುವಂತಿಲ್ಲ, ಸಿಕ್ಕಲ್ಲಿ ಜಪ್ತಿ ಮಾಡಲಾಗುವುದು" ಎಂಬ ಮಾತಿನಂತೆ ನಡೆದರೆ ಮೊಬೈಲ್ ಚಾರ್ಜರನ್ನೂ ಜಪ್ತಿ ಮಾಡಬೇಕಾಗುತ್ತದೆ. ಮೊಬೈಲ್ ಮತ್ತು ಲ್ಯಾಪ್‌ಟಾಪ್ ಚಾರ್ಜರ್, ಟೇಬಲ್ ಫ್ಯಾನ್, ಓದುವ ದೀಪ, ಸೊಳ್ಳೆ ಓಡಿಸುವ ಯಂತ್ರ ಇವನ್ನೆಲ್ಲ ಕೋಣೆಯಲ್ಲಿ ಬಳಸಬಹುದು. ನೀರು ಕಾಯಿಸುವ ರಾಡ್, ವಿದ್ಯುತ್ ಒಲೆ, ಕೆಟಲ್, ರೂಮ್ ಹೀಟರ್ ಮತ್ತು ಇಸ್ತ್ರಿ ಪೆಟ್ಟಿಗೆಯನ್ನು ಮಾತ್ರ ಕೋಣೆಯಲ್ಲಿ ಬಳಸಬಾರದು.

ಇದಕ್ಕೆ ಕಾರಣವನ್ನು ವಿವರವಾಗಿ ಹೇಳುವುದು ಒಳ್ಳೆಯದು. ಕೋಣೆಗಳಲ್ಲಿರುವವು 6 ಆಂಪಿಯರ್ ಸಾಕೆಟ್‌ಗಳು. 230 ವೋಲ್ಟಿನಲ್ಲಿ ಅವು ಹೊರಬಲ್ಲದ್ದು ಹೆಚ್ಚೆಂದರೆ 1,380 ವ್ಯಾಟ್. ಅಂಗಡಿಯಲ್ಲಿ ಸಿಗುವ ಸಾಮಾನ್ಯ ರಾಡ್ ಒಂದೇ 1,500 ವ್ಯಾಟ್ ಎಳೆಯುತ್ತದೆ. ಎರಡನೆಯ ಮಹಡಿಯ ಕೋಣೆಯೊಂದರಲ್ಲಿ ಕಳೆದ ಮಳೆಗಾಲದಲ್ಲಿ ಸಾಕೆಟ್ ಕಪ್ಪಾಗಿ ಕರಗಿ, ಅದರ ತೂತಿನ ಸುತ್ತ ಪ್ಲಾಸ್ಟಿಕ್ ಬುರುಗಿನಂತೆ ಉಬ್ಬಿ ನಿಂತಿತ್ತು. ಅದನ್ನು ಬಿಚ್ಚಿಸಿ ನನ್ನ ಮೇಜಿನ ಮೇಲೆ ಇಟ್ಟಿದ್ದೇನೆ, ಬೇಕಾದವರು ಬಂದು ನೋಡಬಹುದು. ಹಾಗೆಂದು ರಾಡ್ ಹಾಕಿದವರನ್ನು ಗದರಿಸುವುದು ನ್ಯಾಯವಲ್ಲ. ಬೆಳಗಾವಿಯ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಬೀಳದೆ ಸೋಲಾರ್ ನೀರು ಕಾಯುವುದಿಲ್ಲ, ತಣ್ಣೀರಿನಲ್ಲಿ ಸ್ನಾನ ಮಾಡಿ ಪಾಳಿಗೆ ಹೋಗಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಆದ್ದರಿಂದ ಪ್ರತಿ ಮಹಡಿಯ ಸ್ನಾನದ ಮನೆಗೆ ಗೀಜರ್ ಹಾಕಿಸಲಾಗಿದ್ದು, ಜೂನ್‌ನಿಂದ ಫೆಬ್ರುವರಿಯವರೆಗೆ ಬೆಳಿಗ್ಗೆ 5.30ರಿಂದ 8.30ರವರೆಗೆ ಬಿಸಿನೀರು ಸಿಗುತ್ತದೆ. ಇಸ್ತ್ರಿಗಾಗಿ ಪ್ರತಿ ಮಹಡಿಯ ಮೊಗಸಾಲೆಯಲ್ಲಿ 16 ಆಂಪಿಯರ್ ಸಾಕೆಟ್ ಮತ್ತು ಒಂದು ಮೇಜು ಇದೆ.

ನಿಷೇಧಿತ ಉಪಕರಣವನ್ನು ಯಾರಾದರೂ ಬಳಸಿದ್ದು ಕಂಡರೆ ಅದನ್ನು ಚೀಟಿ ಬರೆದು ಕಚೇರಿಯಲ್ಲಿ ಜೋಪಾನವಾಗಿ ಇಟ್ಟು, ಊರಿಗೆ ಹೋಗುವಾಗ ಮರಳಿ ಕೊಡಲಾಗುವುದು. ಜಪ್ತಿ ಎಂಬ ಪದವನ್ನು ತೆಗೆದುಹಾಕಿದ್ದೇವೆ.

ಶಾಂತಿಯ ವೇಳೆ

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಲಯದಲ್ಲಿ ಶಾಂತಿಯ ವೇಳೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ ಎಂದು ಗುರುತಿಸಿದ ಅವಧಿಯೂ ಇದೇ ಆಗಿದ್ದು, ವಸತಿ ಪ್ರದೇಶಕ್ಕೆ ಆ ಹೊತ್ತಿನ ಮಿತಿ 45 ಡೆಸಿಬಲ್. ಹಳೆಯ ಸೂಚನೆಯಲ್ಲಿ ಇದ್ದ "ಅನಗತ್ಯವಾಗಿ ಮಾತಾಡಬಾರದು" ಎಂಬುದನ್ನು ಕೈಬಿಡಲಾಗಿದೆ, ಏಕೆಂದರೆ ಯಾವ ಮಾತು ಅಗತ್ಯ, ಯಾವುದು ಅಲ್ಲ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಕೋಣೆಯ ಬಾಗಿಲು ಮುಚ್ಚಿದರೆ ಹೊರಗೆ ಕೇಳದಷ್ಟು ಮೆಲ್ಲಗೆ ಮಾತಾಡಿ, ಹಾಡು ಕೇಳುವಾಗ ಇಯರ್‌ಫೋನ್ ಹಾಕಿಕೊಳ್ಳಿ, ಮೊಗಸಾಲೆಯಲ್ಲಿ ನಿಂತು ಫೋನಿನಲ್ಲಿ ಮಾತಾಡಬೇಡಿ. ಟಿವಿ ಕೋಣೆ ರಾತ್ರಿ 9.45ಕ್ಕೆ ಮುಚ್ಚುತ್ತದೆ. ದೀಪ ಆರಿಸುವ ಕಡ್ಡಾಯವಿಲ್ಲ. ಒಬ್ಬರು ಮಲಗಿದ್ದಾಗ ಇನ್ನೊಬ್ಬರು ಓದಬೇಕಾದರೆ ಕೆಳಗಿನ ಓದುವ ಕೋಣೆ ರಾತ್ರಿಯಿಡೀ ತೆರೆದಿರುತ್ತದೆ.

ಈ ವೇಳೆಯನ್ನು ಮೊದಲು ಮುರಿಯುತ್ತಿದ್ದದ್ದು ನಮ್ಮ ಅಡುಗೆಮನೆಯೇ. ಬೆಳಿಗ್ಗೆ 5ಕ್ಕೆ ರೊಟ್ಟಿ ಬಡಿಯುವ ಸದ್ದು ಅದರ ಮೇಲಿನ ನಾಲ್ಕು ಕೋಣೆಗಳಿಗೆ ಗೋಡೆಯಲ್ಲೇ ಏರಿ ಕೇಳುತ್ತಿತ್ತು. ಅಡುಗೆಯ ಅಕ್ಕನವರೊಡನೆ ಕುಳಿತು ಮಾತಾಡಿದ್ದೇವೆ. 6ರವರೆಗೆ ಬೇಳೆ ಬೇಯಿಸುವುದು, ಕಾಯಿಪಲ್ಯ ಹೆಚ್ಚುವುದು, 6ರ ನಂತರ ರೊಟ್ಟಿ ಮತ್ತು ಮಿಕ್ಸರ್ ಎಂದು ಅವರು ಒಪ್ಪಿದ್ದಾರೆ. ನೀರಿನ ಮೋಟರನ್ನೂ 6ಕ್ಕೇ ಹಾಕಲಾಗುವುದು. ಇದರಿಂದ ನಾಷ್ಟಾ ಮತ್ತು ಡಬ್ಬಿ 7ರ ಬದಲು 7.30ಕ್ಕೆ ಸಿದ್ಧವಾಗುತ್ತವೆ. ನಾಷ್ಟಾ 9ರವರೆಗೆ ಇರುತ್ತದೆ. 7.30ಕ್ಕೂ ಮೊದಲು ಹೊರಡುವವರು ಹಿಂದಿನ ರಾತ್ರಿ ಹೆಸರು ಬರೆಸಿದರೆ 6.30ಕ್ಕೆ ಅವಲಕ್ಕಿ ಅಥವಾ ಉಪ್ಪಿಟ್ಟು ಸಿಗುತ್ತದೆ. ರಾತ್ರಿಪಾಳಿ ಮುಗಿಸಿ ಹಗಲು ಮಲಗುವವರಿಗೆ ಒಂದನೆಯ ಮಹಡಿಯ ಹಿಂಬದಿಯ ಮೂರು ಕೋಣೆಗಳನ್ನು ಮೀಸಲಿಟ್ಟಿದ್ದು, ಅಲ್ಲಿ ಹಗಲಿನಲ್ಲೂ ದನಿ ತಗ್ಗಿಸಿ ನಡೆದಾಡಬೇಕೆಂದು ಉಳಿದವರಲ್ಲಿ ಕೇಳಿಕೊಳ್ಳುತ್ತೇನೆ.

ಬಟ್ಟೆ ಮತ್ತು ಮಾಳಿಗೆ

ಮಾಳಿಗೆಗೆ ಹೋಗಬಾರದು ಎಂದೂ, ಬಟ್ಟೆಯನ್ನು ಮಾಳಿಗೆಯ ಮೇಲೆಯೇ ಒಣಹಾಕಬೇಕು ಎಂದೂ ಒಂದೇ ಸೂಚನೆಯಲ್ಲಿತ್ತು. ಮಾಳಿಗೆ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ತೆರೆದಿರುತ್ತದೆ. ಸಿಡಿಲು ಮಳೆ ಇದ್ದಾಗ ಮುಚ್ಚಿರುತ್ತದೆ. ಆಗ ಕೆಳಮಹಡಿಯ ಖಾಲಿ ಕೋಣೆಯಲ್ಲಿ ಕಟ್ಟಿರುವ ಹಗ್ಗಗಳಲ್ಲಿ ಒಣಹಾಕಬಹುದು, ಅಲ್ಲಿ ಫ್ಯಾನು ತಿರುಗುತ್ತಿರುತ್ತದೆ. ಗೋಡೆಯಂಚಿನ ಮೇಲೆ ಕೂರುವುದು ಮಾತ್ರ ಬೇಡ. ಬಟ್ಟೆ ಒಗೆಯಲು ಭಾನುವಾರ ಮಾತ್ರ ಎಂಬ ನಿರ್ಬಂಧವಿಲ್ಲ. ಯಾವ ದಿನವಾದರೂ ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ ಒಗೆಯಬಹುದು. ತಿಂಗಳ ಮೊದಲ ಭಾನುವಾರ 10ರಿಂದ 1ರವರೆಗೆ ಟಾಕಿ ತೊಳೆಯುವುದರಿಂದ ಆ ಮೂರು ತಾಸು ನಳದಲ್ಲಿ ನೀರು ಇರುವುದಿಲ್ಲ.

ಕೋಣೆ ನೋಡಲು ಬರುವುದು, ನಿಯಮ ತಪ್ಪಿದರೆ

ಕೋಣೆಯ ದುರಸ್ತಿ ಅಥವಾ ತಪಾಸಣೆಗೆ ಬರುವ ಮುನ್ನ ಒಂದು ದಿನ ತಿಳಿಸಲಾಗುವುದು. ಬೆಂಕಿ, ನೀರಿನ ಸೋರಿಕೆ ಅಥವಾ ಒಳಗಿರುವವರಿಗೆ ಅಪಾಯದ ಅನುಮಾನವಿದ್ದಾಗ ಮಾತ್ರ ತಿಳಿಸದೆ ಬರಬೇಕಾಗಬಹುದು. ಆಗಲೂ ಬಾಗಿಲು ತಟ್ಟಿ, ಇಬ್ಬರು ಮಹಿಳಾ ಸಿಬ್ಬಂದಿಯೇ ಬರುತ್ತಾರೆ. ಕ್ಯಾಮೆರಾಗಳು ಗೇಟು ಮತ್ತು ಮೆಟ್ಟಿಲಿನ ಬಾಯಿಯಲ್ಲಿ ಮಾತ್ರ ಇವೆ.

"ಮುನ್ಸೂಚನೆಯಿಲ್ಲದೆ ಹೊರಹಾಕಲಾಗುವುದು" ಮತ್ತು "ಆಡಳಿತದ ತೀರ್ಮಾನವೇ ಅಂತಿಮ" ಎಂಬ ವಾಕ್ಯಗಳನ್ನು ತೆಗೆದಿದ್ದೇವೆ. ನಿಯಮ ತಪ್ಪಿದ್ದು ಕಂಡುಬಂದರೆ ಮೊದಲು ಖಾಸಗಿಯಾಗಿ ಮಾತಾಡುತ್ತೇನೆ, ಹೆಸರನ್ನು ಹಲಗೆಯ ಮೇಲೆ ಬರೆಯುವುದಿಲ್ಲ. ಮತ್ತೆ ಆದರೆ ಬರಹದಲ್ಲಿ ತಿಳಿಸುತ್ತೇನೆ. ಮೂರನೆಯ ಬಾರಿ ಆದರೆ ನಿಲಯವಾಸಿಗಳು ಆರಿಸಿದ ಮೂವರ ಸಮಿತಿ ಇಬ್ಬರ ಮಾತನ್ನೂ ಕೇಳಿ ತೀರ್ಮಾನಿಸುತ್ತದೆ. ಕೋಣೆ ಬಿಡಬೇಕೆಂದು ಸಮಿತಿ ಹೇಳಿದರೂ ಮೂವತ್ತು ದಿನಗಳ ಅವಧಿ ಸಿಗುತ್ತದೆ ಮತ್ತು ಠೇವಣಿಯಿಂದ ಕಡಿತವಾದ ಪ್ರತಿ ರೂಪಾಯಿಗೆ ಲೆಕ್ಕದ ಚೀಟಿ ಕೊಡಲಾಗುತ್ತದೆ.

ತುರ್ತು ಹೊತ್ತಿನಲ್ಲಿ 112ಕ್ಕೆ, ಆಂಬ್ಯುಲೆನ್ಸ್‌ಗೆ 108ಕ್ಕೆ, ಮಹಿಳಾ ಸಹಾಯವಾಣಿಗೆ 181ಕ್ಕೆ ಕರೆ ಮಾಡಿ. ನನ್ನ ಅನುಮತಿಗಾಗಿ ಕಾಯಬೇಡಿ.

ಈ ಸೂಚನೆಯ ಒಂದೊಂದು ಪ್ರತಿಯನ್ನು ಎಲ್ಲ ಕೋಣೆಗಳ ಬಾಗಿಲ ಹಿಂದೆ ಅಂಟಿಸಲಾಗುವುದು. ಮರಾಠಿ ಓದುವವರಿಗೆ ಮರಾಠಿಯ ಪ್ರತಿ ಕಚೇರಿಯಲ್ಲಿ ಸಿಗುತ್ತದೆ. ಇದರಲ್ಲಿ ಯಾವುದಾದರೂ ವಾಕ್ಯ ಇನ್ನೂ ಎರಡು ಅರ್ಥ ಕೊಡುತ್ತಿದ್ದರೆ, ಅಥವಾ ನಿಮ್ಮ ಪಾಳಿಗೆ ಯಾವುದಾದರೂ ವೇಳೆ ಹೊಂದದಿದ್ದರೆ, ಜೂನ್ 28ರೊಳಗೆ ಕಚೇರಿಯ ಪೆಟ್ಟಿಗೆಯಲ್ಲಿ ಚೀಟಿ ಬರೆದು ಹಾಕಿ. ಹೆಸರು ಬರೆಯಬೇಕಾಗಿಲ್ಲ. ಜೂನ್ 29ರ ಭಾನುವಾರ ಸಂಜೆ 5ಕ್ಕೆ ಊಟದ ಮನೆಯಲ್ಲಿ ಸೇರಿ, ಬಂದ ಚೀಟಿಗಳನ್ನೆಲ್ಲ ಓದಿ, ತಿದ್ದಬೇಕಾದದ್ದನ್ನು ಅಲ್ಲಿಯೇ ತಿದ್ದೋಣ.

ಮೇಲ್ವಿಚಾರಕಿ
ಮಹಿಳಾ ವಸತಿ ನಿಲಯ, ಟಿಳಕವಾಡಿ