ಮನೆಯಿಂದ ಕೆಲಸ: ನಿಯಮಗಳು (2026ರ ಏಪ್ರಿಲ್ 1ರಿಂದ ಜಾರಿ)

ಸಾಫ್ಟ್‌ವೇರ್, ಗ್ರಾಹಕ ಸೇವೆ, ಲೆಕ್ಕಪತ್ರ ಮತ್ತು ವಿನ್ಯಾಸ ವಿಭಾಗಗಳಿಗೆ ಈ ನಿಯಮಗಳು ಅನ್ವಯಿಸುತ್ತವೆ. ಉಗ್ರಾಣ ಮತ್ತು ಸ್ವಾಗತ ವಿಭಾಗದ ಕೆಲಸ ಸ್ಥಳದಲ್ಲೇ ಆಗಬೇಕು. ಆದರೂ ವರದಿ ಬರೆಯುವಂಥ ಕೆಲಸವಿದ್ದರೆ ಅವರೂ ತಿಂಗಳಿಗೆ 2 ದಿನ ಮನೆಯಿಂದ ಮಾಡಬಹುದು.

1. ಅರ್ಹತೆ

ಸೇರಿ 3 ತಿಂಗಳು ತುಂಬಿದವರು ವಾರಕ್ಕೆ 3 ದಿನದವರೆಗೆ ಮನೆಯಿಂದ ಕೆಲಸ ಮಾಡಬಹುದು. ಹೊಸಬರು ಪಕ್ಕದವರನ್ನು ಕೇಳಿ ಕೇಳಿಯೇ ಅರ್ಧ ಕೆಲಸ ಕಲಿಯುತ್ತಾರೆ, ಅದಕ್ಕಾಗಿ ಈ ಕಾಯುವಿಕೆ. ಗರ್ಭಿಣಿಯರಿಗೆ, ಅಂಗವಿಕಲರಿಗೆ, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರಿಗೆ ಈ ಷರತ್ತಿಲ್ಲ.

ಅರ್ಜಿಗೆ ಮ್ಯಾನೇಜರ್ 5 ಕೆಲಸದ ದಿನಗಳೊಳಗೆ ಲಿಖಿತವಾಗಿ ಉತ್ತರಿಸಬೇಕು. ನಿರಾಕರಿಸಿದರೆ ಯಾವ ಕೆಲಸ, ಯಾಕೆ ಮನೆಯಿಂದ ಆಗದು ಎಂದು ಬರೆಯಬೇಕು. ‘ತಂಡದ ಹಿತದೃಷ್ಟಿಯಿಂದ’ ಎಂಬ ಒಂದು ಸಾಲು ಕಾರಣವಾಗದು. ಒಪ್ಪಿಗೆಯಾಗದವರು 10 ದಿನದೊಳಗೆ ಎಚ್‌ಆರ್ ವಿಭಾಗಕ್ಕೆ ಮೇಲ್ಮನವಿ ಕೊಡಬಹುದು.

ಹುಷಾರಿಲ್ಲದಿದ್ದರೆ ರಜೆ ಹಾಕಿ. ‘ಮನೆಯಲ್ಲೇ ಇದ್ದೀರಲ್ಲ, ಸ್ವಲ್ಪ ನೋಡಿ’ ಎಂದು ರಜೆಯಲ್ಲಿರುವವರನ್ನು ಯಾರೂ ಕೇಳುವಂತಿಲ್ಲ.

2. ಉಪಕರಣ

ಸಂಸ್ಥೆ ಕೊಡುವುದು: ಲ್ಯಾಪ್‌ಟಾಪ್, 24 ಇಂಚಿನ ಮಾನಿಟರ್, ಕೀಬೋರ್ಡ್, ಮೌಸ್, ಮೈಕ್ ಇರುವ ಹೆಡ್‌ಸೆಟ್, 5 ಮೀಟರ್ ನೆಟ್‌ವರ್ಕ್ ಕೇಬಲ್, ರೂಟರ್‌ಗೆ ಒಂದು ಪುಟ್ಟ ಯುಪಿಎಸ್. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ರೂಟರ್ ಸತ್ತುಹೋಗುತ್ತದೆ, ಅದಕ್ಕೇ ಯುಪಿಎಸ್. ಅರ್ಜಿಯ ಜೊತೆ ರೂಟರ್ ಅಡಾಪ್ಟರ್‌ನ ಮೇಲಿನ ಲೇಬಲ್ ಫೋಟೊ ಕಳಿಸಿ. 9 ವೋಲ್ಟ್ ರೂಟರ್‌ಗೆ 12 ವೋಲ್ಟ್ ಯುಪಿಎಸ್ ಸಿಕ್ಕಿಸಿದರೆ ರೂಟರ್ ಸುಟ್ಟುಹೋಗಬಹುದು.

ಇಂಟರ್ನೆಟ್ ಕನಿಷ್ಠ 20 ಎಂಬಿಪಿಎಸ್ ಡೌನ್‌ಲೋಡ್, 5 ಎಂಬಿಪಿಎಸ್ ಅಪ್‌ಲೋಡ್ ಇರಬೇಕು. ನಿಮ್ಮ ದನಿ ಬೇರೆಯವರಿಗೆ ಕಡಿದು ಕಡಿದು ಕೇಳಿಸುತ್ತಿದ್ದರೆ ಅಪ್‌ಲೋಡನ್ನೂ ನೋಡಿ. ಜನ ಡೌನ್‌ಲೋಡ್ ಮಾತ್ರ ನೋಡಿ ಸುಮ್ಮನಾಗುತ್ತಾರೆ. ದೂರು ಕೊಡುವ ಮೊದಲು ಕೂರುವ ಜಾಗದಲ್ಲೇ ವೈಫೈನಲ್ಲಿ ಒಮ್ಮೆ, ಕೇಬಲ್ ಹಾಕಿ ಒಮ್ಮೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಓಡಿಸಿ:

```
ping -n 50 1.1.1.1
```

ಕೇಬಲ್‌ನಲ್ಲಿ ಸರಿಯಿದ್ದು ವೈಫೈನಲ್ಲಿ ಪ್ಯಾಕೆಟ್ ಕಳೆಯುತ್ತಿದ್ದರೆ, ಅಂದರೆ ಕೊನೆಯಲ್ಲಿ Lost ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದರೆ, ತೊಂದರೆ ಮನೆಯೊಳಗಿನ ವೈಫೈನದ್ದು, ಗೋಡೆಯೋ ದೂರವೋ ಅಡ್ಡ ಬರುತ್ತಿರಬಹುದು. ಕೇಬಲ್ ಬಳಸಿ ಅಥವಾ ರೂಟರ್ ಜಾಗ ಬದಲಿಸಿ. ಎರಡರಲ್ಲೂ ಕಳೆಯುತ್ತಿದ್ದರೆ ಫಲಿತಾಂಶವನ್ನು ಐಟಿ ವಿಭಾಗಕ್ಕೆ ಕಳಿಸಿ.

ಸ್ವಂತ ಕಂಪ್ಯೂಟರಿನಲ್ಲಿ ಗ್ರಾಹಕರ ಮಾಹಿತಿ ತೆರೆಯಬಾರದು. ಲ್ಯಾಪ್‌ಟಾಪ್ ಕಳೆದರೆ 1 ಗಂಟೆಯೊಳಗೆ ತಿಳಿಸಿ. ಬೇಗ ತಿಳಿಸಿದವರ ಮೇಲೆ ಕ್ರಮವಿಲ್ಲ. ದೂರದಿಂದ ಮಾಹಿತಿ ಅಳಿಸುವ ಆಜ್ಞೆ ಯಂತ್ರ ನೆಟ್‌ಗೆ ಸೇರಿದಾಗ ಮಾತ್ರ ನಡೆಯುತ್ತದೆ, ಹಾಗಾಗಿ ಕದ್ದವರು ಅದನ್ನು ತೆರೆಯುವ ಮೊದಲೇ ಆಜ್ಞೆ ಹೋಗಿರಬೇಕು.

3. ಕೆಲಸದ ಹೊತ್ತು

ದಿನಕ್ಕೆ 8 ಗಂಟೆ. ಬೆಳಗ್ಗೆ 11ರಿಂದ ಸಂಜೆ 4ರವರೆಗೆ (ಊಟದ 1 ಗಂಟೆ ಬಿಟ್ಟು) ಎಲ್ಲರೂ ಸಿಗಬೇಕು. ಉಳಿದ 4 ಗಂಟೆ ನಿಮ್ಮ ಅನುಕೂಲ. 11ರಿಂದ 4ರ ನಡುವೆ ಬಂದ ಸಂದೇಶಕ್ಕೆ 2 ಗಂಟೆಯೊಳಗೆ ಉತ್ತರಿಸಿ. ತುರ್ತಿದ್ದರೆ ಫೋನ್ ಮಾಡಬೇಕು. ರಾತ್ರಿ 8ರ ನಂತರದ ಸಂದೇಶಕ್ಕೆ ಮರುದಿನ ಉತ್ತರಿಸಿದರೆ ಸಾಕು. ಕ್ಯಾಮೆರಾ ಹಾಕುವುದು ಬಿಡುವುದು ನಿಮ್ಮಿಷ್ಟ. ಕರೆಂಟ್ ಅಥವಾ ಇಂಟರ್ನೆಟ್ ಹೋಗಿ 2 ಗಂಟೆಯವರೆಗೆ ಕೆಲಸ ನಿಂತರೆ ರಜೆ ಕಡಿತವಿಲ್ಲ, ತಂಡದ ಮುಖ್ಯಸ್ಥರಿಗೆ ಒಂದು ಫೋನ್ ಮಾಡಿದರಾಯಿತು.

4. ಕೆಲಸದ ಅಳತೆ

ಪ್ರತಿ 3 ತಿಂಗಳಿಗೆ 3ರಿಂದ 5 ಗುರಿಗಳನ್ನು ಮ್ಯಾನೇಜರ್ ಮತ್ತು ಉದ್ಯೋಗಿ ಸೇರಿ ಬರೆಯಬೇಕು. ಗುರಿ ಮುಟ್ಟಿದೆಯೋ ಇಲ್ಲವೋ ಎಂಬುದನ್ನು ಯಾವುದರಿಂದ ನೋಡುತ್ತೇವೆ ಎನ್ನುವುದೂ ಅಂದೇ ಬರೆದಿರಬೇಕು.

ಚಾಟ್‌ನ ಹಸಿರು ಚುಕ್ಕೆ, ಮೌಸ್ ಚಲನೆ, ಕೀ ಒತ್ತಿದ ಲೆಕ್ಕ, ಕಳಿಸಿದ ಸಂದೇಶಗಳ ಸಂಖ್ಯೆ ಯಾವುದೂ ಅಳತೆಗೆ ಬರುವುದಿಲ್ಲ. ಅವನ್ನು ಎಣಿಸಿದರೆ ಅವೇ ಹೆಚ್ಚುತ್ತವೆ, ಕೆಲಸವಲ್ಲ.

ಬರೀ ಸಂಖ್ಯೆಯೂ ದಾರಿ ತಪ್ಪಿಸುತ್ತದೆ. ಗ್ರಾಹಕ ಸೇವೆಯಲ್ಲಿ ಒಬ್ಬರು ವಾರಕ್ಕೆ 60 ದೂರು ಮುಗಿಸಿದರು, ಇನ್ನೊಬ್ಬರು 35 ಎಂದುಕೊಳ್ಳಿ. ಮೊದಲನೆಯವರದು ಬಹುಪಾಲು ಪಾಸ್‌ವರ್ಡ್ ದೂರುಗಳು, 9 ಮತ್ತೆ ತೆರೆದಿವೆ. ಎರಡನೆಯವರದು ಹಣ ಕಡಿತದ ದೂರುಗಳು, 1 ಮಾತ್ರ ತೆರೆದಿದೆ. ಆದ್ದರಿಂದ ದೂರಿನ ಬಗೆ ಮತ್ತು 7 ದಿನದೊಳಗೆ ಮತ್ತೆ ತೆರೆದವುಗಳ ಪ್ರಮಾಣ ಎರಡನ್ನೂ ಸೇರಿಸಿಯೇ ಅಂಕ ಕೊಡಬೇಕು.

ಕಣ್ಣೆದುರು ಓಡಾಡುವವರಿಗೆ ಗೊತ್ತಿಲ್ಲದೆಯೇ ಹೆಚ್ಚು ಅಂಕ ಬೀಳುತ್ತದೆ. ಅದಕ್ಕಾಗಿ ಮ್ಯಾನೇಜರ್‌ಗಳು ಚರ್ಚೆಗೆ ಕೂರುವ ಮೊದಲೇ ಅಂಕವನ್ನು ಆಧಾರ ಸಮೇತ ಬರೆದುಕೊಡಬೇಕು. ಒಂದೇ ದರ್ಜೆಯಲ್ಲಿ ಕಚೇರಿಯವರ ಮತ್ತು ಮನೆಯಿಂದ ಕೆಲಸ ಮಾಡುವವರ ಸರಾಸರಿಯನ್ನು ಎಚ್‌ಆರ್ ಹೋಲಿಸುತ್ತದೆ. 5ರ ಅಳತೆಯಲ್ಲಿ 0.5ಕ್ಕಿಂತ ಹೆಚ್ಚು ಅಂತರವಿದ್ದರೆ ಮ್ಯಾನೇಜರ್ ವಿವರಣೆ ಕೊಡಬೇಕು. ಕೆಲಸದಲ್ಲಿನ ಕೊರತೆಯನ್ನು ಕಂಡ 2 ವಾರದೊಳಗೆ ಉದ್ಯೋಗಿಗೆ ಹೇಳಿರಬೇಕು. ಮೌಲ್ಯಮಾಪನದ ದಿನ ಮೊದಲ ಬಾರಿಗೆ ಎತ್ತಿದ ಕೊರತೆಗೆ ಅಂಕ ಕಳೆಯುವಂತಿಲ್ಲ.

ಮನೆಯಿಂದ ಕೆಲಸದ ಅನುಮತಿ ಹಿಂತೆಗೆಯುವುದಾದರೆ ಲಿಖಿತ ಸೂಚನೆ ಕೊಟ್ಟು 30 ದಿನ ಸುಧಾರಿಸಲು ಬಿಡಬೇಕು. ಗ್ರಾಹಕರ ಮಾಹಿತಿಯನ್ನು ಬೇಕೆಂದೇ ಹೊರಗೆ ಬಿಟ್ಟ ಪ್ರಕರಣದಲ್ಲಿ ಮಾತ್ರ ಅನುಮತಿ ಅಂದೇ ರದ್ದಾಗುತ್ತದೆ.